ಅಡಿಕೆಯ ಫೀನಾಲ್ ಸ್ಟ್ಯಾಂಡರ್ಡ್: ಸರಣಿಯೋ, ನೇರವೋ?

ಶಿರಸಿ ಅಡಿಕೆಯ ಫೀನಾಲನ್ನು ಫೋಲಿನ್ ವಿಧಾನದಲ್ಲಿ ಅಳೆಯಲು ಗ್ಯಾಲಿಕ್ ಆಮ್ಲದ ಸ್ಟ್ಯಾಂಡರ್ಡ್ ಬೇಕು. ಮಿಲಿಲೀಟರಿಗೆ 200 ಮೈಕ್ರೊಗ್ರಾಂ ಇರುವ ಸ್ಟಾಕಿನ 1 ಮಿ.ಲೀ.ಗೆ ಅಷ್ಟೇ ನೀರು ಬೆರೆಸಿ, ಆ ಮಿಶ್ರಣದ 1 ಮಿ.ಲೀ.ಗೆ ಮತ್ತೆ ಅಷ್ಟೇ ನೀರು, ಹೀಗೆ ಸರಣಿಯಾಗಿ ಹೋದರೆ 100, 50, 25, 12.5 ಬರುತ್ತದೆ. ಸ್ಟಾಕ್ ಉಳಿಯುತ್ತದೆ, ಕೆಲಸವೂ ಬೇಗ. ಆದರೆ ತಪ್ಪು ಬೆಳೆಯುತ್ತ ಹೋಗುತ್ತದೆ: ಸ್ಟ್ಯಾಂಡರ್ಡ್ ಎತ್ತುವ ಪಿಪೆಟ್ ಪ್ರತಿಸಲ 1 ಮಿ.ಲೀ. ಬದಲು 0.95 ಮಿ.ಲೀ. ಮಾತ್ರ ಹಾಕಿದರೆ ಕೊನೆಯ ಟ್ಯೂಬಿನಲ್ಲಿ 11.3 ಅಷ್ಟೇ. ಗೆರೆ ಮಾತ್ರ ನೆಟ್ಟಗೇ ಕಾಣುತ್ತದೆ!

ಸ್ಟಾಕಿನಿಂದ ನೇರವಾಗಿ 0.625 ಮಿ.ಲೀ. ತೆಗೆದು ಫ್ಲಾಸ್ಕಿನಲ್ಲಿ 10ಕ್ಕೆ ತುಂಬಿಸಿದರೆ, ಅದೇ ಪಿಪೆಟ್ ದೋಷಕ್ಕೆ 11.9 ಸಿಗುತ್ತದೆ. ಸ್ಟಾಕ್ ಸಾಕಷ್ಟಿದ್ದರೆ ನನ್ನ ಮತ ಇದಕ್ಕೇ.

ಯಾವುದಾದರೂ ಸರಿ, 0.5 ಮಿ.ಲೀ. ಸ್ಟ್ಯಾಂಡರ್ಡಿಗೆ ಫೋಲಿನ್, ಸೋಡಿಯಂ ಕಾರ್ಬೊನೇಟ್ ಸೇರಿ ಒಟ್ಟು 5 ಆದಾಗ, 100 ಇದ್ದದ್ದು ಕುವೆಟ್ಟಿನಲ್ಲಿ 10. ಗ್ರಾಫಿಗೆ ಈ 10 ಹಾಕಿದ್ದರೆ, ಅಡಿಕೆ ಸಾರದ ಉತ್ತರವನ್ನು ಹತ್ತರಿಂದ ಗುಣಿಸಬೇಕು. 100 ಹಾಕಿದ್ದರೆ ಬೇಡ.