ಒಂದೇ ಪಾಸ್‌ವರ್ಡ್, ಮೂರು ಬೀಗ: ಹಳೆ ಜಿಪ್, AES ಜಿಪ್, 7z

ಮೊದಲೇ ಹೇಳಿಬಿಡ್ತೀನಿ, ನನ್ನ ಓಟು AES-256 ಅನ್ನೋ ಗಟ್ಟಿ ಬೀಗ ಹಾಕಿದ ಜಿಪ್‌ಗೆ. ಎರಡು ವರ್ಷ ಹಳೆ ಬೀಗವನ್ನೇ ನಂಬಿ ಕೂತಿದ್ದವನು ನಾನು. ಆ ಬೀಗವನ್ನು ನನ್ನ ಕಣ್ಣೆದುರೇ ಪಾಸ್‌ವರ್ಡ್ ಇಲ್ಲದೆ ತೆಗೆದರು, ಅದಕ್ಕೇ ಈ ಬರಹ.

ಗಂಗಾವತಿಯಲ್ಲಿ ಮೂರು ರೈಸ್ ಮಿಲ್ಲಿನ ಲೆಕ್ಕ ಬರೀತೀನಿ. ತಿಂಗಳಿಗೊಮ್ಮೆ ಹಾಜರಿ, ಪಗಾರದ ಎಕ್ಸೆಲ್, ಹೊಸದಾಗಿ ಸೇರಿದವರ ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಸ್ಕ್ಯಾನ್, ಎಲ್ಲಾ ಒಂದು ಫೋಲ್ಡರಿಗೆ ಹಾಕಿ, ಜಿಪ್ ಮಾಡಿ, ಪಾಸ್‌ವರ್ಡ್ ಕೊಟ್ಟು ಕೊಪ್ಪಳದ ಆಡಿಟರ್ ಆಫೀಸಿಗೆ ಮೇಲ್ ಮಾಡೋದು. ಪಾಸ್‌ವರ್ಡ್ ಸಣ್ಣದೇನಲ್ಲ, ಹದಿನೆಂಟು ಅಕ್ಷರ. ಅಷ್ಟುದ್ದದ್ದನ್ನು ಯಾರು ಊಹಿಸ್ತಾರೆ ಅನ್ನೋ ಧೈರ್ಯ.

ಕಷ್ಟ ಏನಾಯ್ತಂದ್ರೆ, ಹೋದ ವರ್ಷದ ಒಂದು ಜಿಪ್‌ನ ಪಾಸ್‌ವರ್ಡ್ ನನಗೇ ಮರೆತುಹೋಯ್ತು. ಅದರೊಳಗಿನ ಒಬ್ಬ ಹಮಾಲಿಯ ಕಾಗದ ಬೇಕೇ ಬೇಕಿತ್ತು. ರಾಯಚೂರಲ್ಲಿ ಇಂಜಿನಿಯರಿಂಗ್ ಓದೋ ಅಕ್ಕನ ಮಗ ಹಬ್ಬಕ್ಕೆ ಬಂದಿದ್ದ. ಲ್ಯಾಪ್‌ಟಾಪ್ ತಿರುಗಿಸಿ ನೋಡಿ ಕೇಳಿದ, "ಮಾಮಾ, ಇದರಾಗ ಇರೋ ಯಾವುದಾರ ಒಂದು ಫೈಲು ಹೊರಗ ಎಲ್ಲ್ಯಾರ ಸಿಗ್ತದೇನು?"

ಸಿಗ್ತಿತ್ತು. ಪಿಎಫ್‌ಗೆ ಹೊಸಬರು ತುಂಬಿ ಕೊಡೋ ಫಾರಂ 11ರ ಖಾಲಿ ಪಿಡಿಎಫ್. ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಫಾರಂ. ಪ್ರಿಂಟ್ ತೆಗೆಯೋಕೆ ಸುಲಭ ಆಗಲಿ ಅಂತ ಪ್ರತಿ ತಿಂಗಳೂ ಅದನ್ನೂ ಫೋಲ್ಡರಿನಲ್ಲೇ ಬಿಟ್ಟಿರುತ್ತಿದ್ದೆ. ಆ ಖಾಲಿ ಫಾರಮ್ಮೇ ಕಳ್ಳಕೀಲಿ ಆಯ್ತು.

ಹೇಗೆ ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇಡೀ ಹೋಲಿಕೆ ನಿಂತಿರೋದೇ ಇದರ ಮೇಲೆ. ಜಿಪ್ ಮಾಡೋಕೆ ನಾನು ಬಳಸೋ 7-Zip ಸಾಫ್ಟ್‌ವೇರಿನಲ್ಲಿ ಜಿಪ್ ಅಂತ ಆರಿಸಿ ಪಾಸ್‌ವರ್ಡ್ ಕೊಟ್ಟರೆ, ನಾವೇ ಬದಲಿಸದಿದ್ದರೆ ಅದು ಹಾಕೋದು ZipCrypto ಅನ್ನೋ ಹಳೆ ಬೀಗ. ಅದು ಪಾಸ್‌ವರ್ಡ್‌ನಿಂದ 32 ಬಿಟ್‌ನ ಮೂರು ಸಂಖ್ಯೆ ಮಾಡಿಕೊಂಡು, ಅವುಗಳಿಂದ ಬೈಟುಗಳ ಒಂದು ಸರಮಾಲೆ ಹೊರಡಿಸಿ, ಫೈಲಿನ ಒಂದೊಂದು ಬೈಟಿಗೂ ಒಂದೊಂದನ್ನ ಬೆರೆಸುತ್ತಾ ಹೋಗುತ್ತೆ. ಒಳಗಿನ ಮೂಲ ಬೈಟುಗಳು ಗೊತ್ತಿದ್ದರೆ, ಬೆರೆತದ್ದರಿಂದ ಅದನ್ನ ಕಳೆದು ಸರಮಾಲೆ ಪಡೆಯಬಹುದು. ಸರಮಾಲೆಯಿಂದ ಹಿಂದಕ್ಕೆ ನಡೆದು ಆ ಮೂರು ಸಂಖ್ಯೆಗೇ ಹೋಗಬಹುದು. ಇದನ್ನ ಬಿಹಾಮ್ ಮತ್ತು ಕೋಚರ್ ಅನ್ನೋರು 1994ರಲ್ಲೇ ತೋರಿಸಿಕೊಟ್ಟಿದ್ದಾರೆ. ಬೇಕಾಗೋ ಗೊತ್ತಿರೋ ಬೈಟು ಎಷ್ಟು? ಹನ್ನೆರಡು ಸಾಕು, ಅದರಲ್ಲಿ ಎಂಟು ಒಂದರ ಪಕ್ಕ ಒಂದು ಇರಬೇಕು ಅಷ್ಟೆ. ಪಾಸ್‌ವರ್ಡ್ ಹದಿನೆಂಟು ಅಕ್ಷರ ಇರಲಿ, ಎಂಬತ್ತು ಇರಲಿ, ಈ ದಾರೀಲಿ ಅದನ್ನ ಯಾರೂ ಕೇಳೋದೇ ಇಲ್ಲ. ಒಂದೇ ಪಾಸ್‌ವರ್ಡ್ ಕೊಟ್ಟ ಫೈಲುಗಳೆಲ್ಲಾ ಶುರುವಾಗೋದು ಅದೇ ಮೂರು ಸಂಖ್ಯೆಯಿಂದ, ಹಾಗಾಗಿ ಒಂದು ಫೈಲು ಬಿಚ್ಚಿಕೊಂಡರೆ ಪಕ್ಕದ ಆಧಾರ್ ಸ್ಕ್ಯಾನೂ ಬಿಚ್ಚಿಕೊಂಡಂತೆ.

ಹುಡುಗ ಮೊದಲು ಮಾಡಿದ್ದು, ಒಳಗಿರೋ ಫಾರಮ್ಮೂ ಹೊರಗೆ ಇಳಿಸಿದ ಫಾರಮ್ಮೂ ಒಂದೇನಾ ಅಂತ ನೋಡಿದ್ದು. ಪಾಸ್‌ವರ್ಡ್ ಇಲ್ಲದೆಯೇ ಗೊತ್ತಾಗುತ್ತೆ! ಹಳೆ ಬೀಗದ ಜಿಪ್‌ನಲ್ಲಿ ಫೈಲಿನ ಹೆಸರು, ಸೈಜು, ಜೊತೆಗೆ ಮೂಲ ಫೈಲಿನ ಬೈಟುಗಳಿಂದ ಲೆಕ್ಕ ಹಾಕಿದ CRC ಅನ್ನೋ ಗುರುತಿನ ಸಂಖ್ಯೆ ಎಲ್ಲಾ ಬಯಲಲ್ಲೇ ಇರುತ್ತೆ. ಎರಡೂ ಕಡೆ ಒಂದೇ CRC ಬಂತು. ಆಮೇಲೆ ಖಾಲಿ ಫಾರಮ್ಮನ್ನ ಪಾಸ್‌ವರ್ಡ್ ಇಲ್ಲದೆ ಜಿಪ್ ಮಾಡಿದ. ಮೊದಲ ಸಲ ವಿಂಡೋಸ್‌ನಲ್ಲೇ ರೈಟ್ ಕ್ಲಿಕ್ ಮಾಡಿ ಜಿಪ್ ಮಾಡಿದ್ದಕ್ಕೆ ಕೆಲಸ ಆಗಲಿಲ್ಲ. ಬೀಗ ಬೀಳೋದು ಫೈಲನ್ನ ಒತ್ತಿ ಚಿಕ್ಕದು ಮಾಡಿದ ಮೇಲೆ, ಹಾಗಾಗಿ ಒತ್ತಿದ ಬೈಟುಗಳೂ ಹೊಂದಬೇಕು. ನಾನು ಬಳಸಿದ 7-Zip ನಲ್ಲೇ, ಅದೇ Normal ಮಟ್ಟದಲ್ಲಿ ಒತ್ತಿದಾಗ ನನ್ನ ಜಿಪ್‌ನಲ್ಲಿ 1,18,346 ಬೈಟು, ಅವನದರಲ್ಲಿ 1,18,334. ವ್ಯತ್ಯಾಸ ಸರಿಯಾಗಿ ಹನ್ನೆರಡು. ಹಳೆ ಬೀಗ ಪ್ರತಿ ಫೈಲಿನ ತಲೆಗೆ ಸೇರಿಸೋ ಹನ್ನೆರಡು ಬೈಟು ಅದು. "ಕೂತ್ತು ಮಾಮಾ" ಅಂದ. ಆಮೇಲೆ ಹಳೆ ಬೀಗ ಮುರಿಯೋ bkcrack ಅನ್ನೋ ಸಾಫ್ಟ್‌ವೇರಿಗೆ ನನ್ನ ಜಿಪ್, ತನ್ನ ಜಿಪ್ ಎರಡನ್ನೂ ಹೀಗೆ ಕೊಟ್ಟ:

```
bkcrack -C muster.zip -c form11.pdf -P plain.zip -p form11.pdf
```

ಒಲೆ ಮೇಲಿಟ್ಟ ಚಾ ಉಕ್ಕೋದರೊಳಗೆ ಪರದೆ ಮೇಲೆ ಮೂರು ಸಂಖ್ಯೆ ಬಂದವು. ಅದೇ ಕೀಲಿಯಿಂದ, 1234 ಅನ್ನೋ ಹೊಸ ಪಾಸ್‌ವರ್ಡಿನ ಜಿಪ್ ಮಾಡಿ ನನ್ನ ಮುಂದಿಟ್ಟ. ಹಮಾಲಿಯ ಕಾಗದ ಸಿಕ್ಕಿತು ಅಂತ ಸಂತೋಷ ಪಡಬೇಕೋ, ಇಷ್ಟೂ ಜನರ ಆಧಾರ್ ನಂಬರು ಎರಡು ವರ್ಷ ಹೀಗೇ ಮೇಲ್‌ನಲ್ಲಿ ಓಡಾಡಿದೆ ಅಂತ ಹೆದರಬೇಕೋ. ಅಂದಹಾಗೆ ನನ್ನ ಹದಿನೆಂಟಕ್ಷರ ಯಾವುದು ಅಂತ ಇವತ್ತಿಗೂ ನೆನಪಾಗಿಲ್ಲ, ಅವನಿಗೂ ಅದು ಬೇಕಾಗಲಿಲ್ಲ.

ಈಗ AES-256 ಜಿಪ್. ಇದು ಪ್ರತಿ ಫೈಲಿಗೂ ಬೇರೆ ಬೇರೆ ಯಾದೃಚ್ಛಿಕ ಬೈಟು ಸೇರಿಸಿ ಕೀಲಿ ಮಾಡಿಕೊಳ್ಳುತ್ತೆ. ಖಾಲಿ ಫಾರಂ ಇಡೀ ಊರಿಗೆ ಗೊತ್ತಿದ್ದರೂ ಪಕ್ಕದ ಫೈಲಿಗೆ ಏನೂ ಆಗಲ್ಲ, ಆ ಫಾರಂನಿಂದ ಅದರದೇ ಕೀಲಿಯೂ ಸಿಗಲ್ಲ. 7-Zip ನಲ್ಲಿ Add to Archive ತೆಗೆದು, ಪಾಸ್‌ವರ್ಡ್ ಬರೆಯೋ ಜಾಗದ ಕೆಳಗಿರೋ Encryption method ಅನ್ನು ZipCrypto ದಿಂದ AES-256 ಗೆ ಬದಲಿಸೋದು, ಇಷ್ಟೇ ಕೆಲಸ. WinRAR ಇರೋರು ಪಾಸ್‌ವರ್ಡ್ ಕೇಳೋ ಕಿಟಕಿಯಲ್ಲಿ ZIP legacy encryption ಅನ್ನೋದಕ್ಕೆ ಟಿಕ್ ಹಾಕಬೇಡಿ.

ಸುಲಭ ಅಂದುಕೊಂಡು ಮುಂದಿನ ತಿಂಗಳು ಹಾಗೇ ಕಳಿಸಿದೆ. ಹತ್ತೂವರೆಗೆ ಆಡಿಟರ್ ಆಫೀಸಿನ ಮೇಡಂ ಫೋನು. "ರೀ ಸರ್, ಪಾಸ್‌ವರ್ಡ್ ತಪ್ಪು ಕೊಟ್ಟೀರಿ ನೋಡ್ರಿ." ಮತ್ತೊಮ್ಮೆ ಒಂದೊಂದೇ ಅಕ್ಷರ ಓದಿ ಹೇಳಿದೆ. ಹನ್ನೊಂದಕ್ಕೆ ಮತ್ತೆ ಫೋನು. "ಫೈಲ್ ಕಾಣ್ತಾವ್ರಿ, ತೆಗಿಯಾಕ ಬರವಲ್ದು." ಹೆಸರು ಕಾಣುತ್ತೆ, ತೆರೆಯಲ್ಲ ಅಂದರೆ ಯಾರಿಗಾದರೂ ಪಾಸ್‌ವರ್ಡ್ ಮೇಲೇ ಅನುಮಾನ. ಮೇಲ್‌ನಲ್ಲಿ ಫೈಲು ಕೆಟ್ಟಿರಬಹುದು ಅಂತ ಇನ್ನೊಮ್ಮೆ ಕಳಿಸಿದೆ, ಅದೂ ಅಷ್ಟೆ. ಕೊನೆಗೆ ಪರದೆಯ ಫೋಟೊ ಕಳಿಸಿದರು. 0x80004005, Unspecified error. ಏನು ತಪ್ಪು ಅಂತ ಹೇಳೋ ಸೌಜನ್ಯವೂ ಇಲ್ಲದ ಸಂದೇಶ.

ತಪ್ಪು ಪಾಸ್‌ವರ್ಡಿನದಲ್ಲ. ಅವರು ಜಿಪ್ ಮೇಲೆ ಡಬಲ್ ಕ್ಲಿಕ್ ಮಾಡ್ತಿದ್ದರು, ಅದು ವಿಂಡೋಸ್‌ನ ಎಕ್ಸ್‌ಪ್ಲೋರರ್‌ನಲ್ಲೇ ತೆರೀತಿತ್ತು. ಆ ಎಕ್ಸ್‌ಪ್ಲೋರರ್‌ಗೆ ಹಳೆ ಬೀಗ ತೆಗೆಯೋದು ಗೊತ್ತು, AES ಗೊತ್ತಿಲ್ಲ. 7-Zip ಬೀಗ ಹಾಕೋವಾಗ ಹಳೆಯದನ್ನೇ ಮುಂದಿಡೋದು ಯಾಕೆ ಅಂತ ಆವತ್ತು ಅರ್ಥ ಆಯ್ತು: ಎಲ್ಲರ ಮಷೀನಿನಲ್ಲೂ ತೆರೆಯಲಿ ಅಂತ. ಲಿನಕ್ಸ್‌ನಲ್ಲೂ ಇದೇ ಕಥೆ. `zip -e` ಹಾಕೋದು ಹಳೆ ಬೀಗ, `unzip` ಗೆ AES ಕೊಟ್ಟರೆ need PK compat. v5.1 ಅಂತ ಗೊಣಗಿ ಸುಮ್ಮನಾಗುತ್ತೆ.

ಮೇಡಂ ಮಷೀನಿನಲ್ಲಿ 7-Zip ಹಾಕಿಸೋದಕ್ಕೆ ಎರಡು ದಿನ ಹಿಡೀತು. ಎರಡು ಎಂಬಿಗೂ ಕಡಿಮೆಯ ಪುಕ್ಕಟೆ ಸಾಫ್ಟ್‌ವೇರು, ಆದರೂ ಆಫೀಸಿನಲ್ಲಿ "ನಮ್ ಕಂಪ್ಯೂಟರಿಗೆ ಏನೂ ಹಾಕಂಗಿಲ್ಲ" ಅನ್ನೋರು ಒಬ್ಬರು ಇದ್ದೇ ಇರ್ತಾರೆ. ನಾನೇ ಬಸ್ ಹತ್ತಿ ಕೊಪ್ಪಳಕ್ಕೆ ಹೋಗಿ ಹಾಕಿ, ಡಬಲ್ ಕ್ಲಿಕ್ ಬೇಡ, ರೈಟ್ ಕ್ಲಿಕ್ ಮಾಡಿ Extract ಒತ್ತಿ ಅಂತ ಮೂರು ಸಲ ತೋರಿಸಿ ಬಂದೆ. ಆಮೇಲೆ ಫೋನು ಬಂದಿಲ್ಲ. ಈಗಲೂ ಮೇಲ್‌ನ ಮೊದಲ ಸಾಲಿನಲ್ಲೇ "7-Zip ನಲ್ಲಿ ತೆರೆಯಿರಿ" ಅಂತ ಬರೀತೀನಿ. ಪಾಸ್‌ವರ್ಡ್ ಮಾತ್ರ ಫೋನಿನಲ್ಲೇ ಹೇಳೋದು.

ಹೇಗೂ 7-Zip ಹಾಕಿಸಬೇಕಾದರೆ ಜಿಪ್ ಬದಲು ಅದರದೇ ಬಗೆಯಾದ 7z ಫೈಲೇ ಕಳಿಸಬಹುದಲ್ಲ ಅಂತ ಹುಡುಗ ಕೇಳಿದ. ಎರಡು ತಿಂಗಳು ಅದನ್ನೂ ಮಾಡಿ ನೋಡಿದೆ. ಎರಡು ವಿಷಯದಲ್ಲಿ ಅದೇ ಮೇಲು, ಒಪ್ಪಿಕೊಳ್ಳಬೇಕು. Encrypt file names ಗೆ ಟಿಕ್ ಹಾಕಿದರೆ ಹೆಸರುಗಳೂ ಮುಚ್ಚಿಹೋಗುತ್ತವೆ. ಜಿಪ್‌ನಲ್ಲಿ AES ಇದ್ದರೂ ಹೆಸರು ಬಯಲೇ. ಎರಡನೆಯದು, ಪಾಸ್‌ವರ್ಡ್‌ನಿಂದ ಕೀಲಿ ಮಾಡೋಕೆ 7z ಐದು ಲಕ್ಷಕ್ಕೂ ಹೆಚ್ಚು ಸುತ್ತು ಅರೆಯುತ್ತೆ, AES ಜಿಪ್ ಅರೆಯೋದು ಸಾವಿರ ಸುತ್ತು. ಒಂದೊಂದೇ ಪಾಸ್‌ವರ್ಡ್ ಹಾಕಿ ನೋಡೋ ಕಳ್ಳನಿಗೆ ಜಿಪ್‌ನಲ್ಲಿ ಕೈ ಬೇಗ ಓಡುತ್ತೆ. ಮಿಲ್ಲಿನ ಹೆಸರು, ಮುಂದೆ ಇಸವಿ, ಇಂಥ ಪಾಸ್‌ವರ್ಡ್ ಇಟ್ಟರೆ AES ಇದ್ದೂ ಪ್ರಯೋಜನ ಇಲ್ಲ.

ಆದರೂ ನನಗೆ ಒಗ್ಗಲಿಲ್ಲ. ಪಗಾರದ ಎಕ್ಸೆಲ್ ಒಂದನ್ನೇ ತಿದ್ದಿ ಮತ್ತೆ ಒಳಗೆ ಹಾಕೋದು ನನ್ನ ದಿನದ ಕೆಲಸ. 7z ಸಾಮಾನ್ಯವಾಗಿ ಫೈಲುಗಳನ್ನ ಒಟ್ಟಿಗೆ ಮುದ್ದೆ ಕಟ್ಟಿ ಒತ್ತುತ್ತೆ, ಒಂದು ಬದಲಿಸಿದರೆ ಮುದ್ದೆಯನ್ನೇ ಮತ್ತೆ ಕಟ್ಟಬೇಕು. ನೂರಾರು ಸ್ಕ್ಯಾನ್ ಇದ್ದಾಗ ನನ್ನ ಹಳೆ ಲ್ಯಾಪ್‌ಟಾಪ್ ಏದುಸಿರು ಬಿಡುತ್ತೆ. ಜಿಪ್‌ನಲ್ಲಿ ಒಂದೊಂದು ಫೈಲೂ ತನ್ನ ಪಾಡಿಗೆ ತಾನಿರುತ್ತೆ. ಜೊತೆಗೆ ಮೇಡಂಗೆ ಯಾವ ಮಿಲ್ಲಿನದು ಅಂತ ತೆರೆಯದೆಯೇ ಗೊತ್ತಾಗಬೇಕು. ಹೆಸರಿನ ಸಮಸ್ಯೆಗೆ ನಾನು ಕಂಡುಕೊಂಡ ಉಪಾಯ, ಸ್ಕ್ಯಾನ್‌ಗಳಿಗೆ ಕೆಲಸಗಾರರ ಹೆಸರಿನ ಬದಲು ಹಾಜರಿ ಪುಸ್ತಕದ ಸಂಖ್ಯೆ ಇಡೋದು. ಇದು ಬೇಡ ಅನ್ನೋರು, ಫೈಲುಗಳನ್ನ ಪದೇ ಪದೇ ತಿದ್ದದವರು, 7z ಗೇ ಹೋಗಿ.

ತಿದ್ದೋವಾಗಿನ ಒಂದು ಗುಂಡಿ ಜಿಪ್‌ನಲ್ಲೇ ಇದೆ. ಬೀಗ ಬೀಳೋದು ಇಡೀ ಜಿಪ್‌ಗಲ್ಲ, ಒಂದೊಂದು ಫೈಲಿಗೆ. ಪಾಸ್‌ವರ್ಡ್ ಕೊಡೋದು ಮರೆತು ಹೊಸ ಫೈಲು ಸೇರಿಸಿದರೆ ಅದೊಂದು ಬೆತ್ತಲೆ ಕೂತಿರುತ್ತೆ. ನನಗೆ ಒಮ್ಮೆ ಆಗಿದೆ. ಅದಕ್ಕೇ ಕಳಿಸೋ ಮುಂಚೆ ಹೀಗೆ ನೋಡ್ತೀನಿ:

```
7z l -slt muster.zip
```

ಪ್ರತಿ ಫೈಲಿನ ಕೆಳಗೂ `Encrypted = +` ಇರಬೇಕು, `Method` ಸಾಲಿನಲ್ಲಿ `AES-256` ಕಾಣಬೇಕು. ಎಲ್ಲಾದರೂ `ZipCrypto` ಕಂಡರೆ ಆ ಜಿಪ್ ಅಳಿಸಿ ಹೊಸದಾಗಿ ಮಾಡೋದು.

ಎಕ್ಸೆಲ್‌ಗೇ ಪಾಸ್‌ವರ್ಡ್ ಹಾಕೋದು? ಸ್ಕ್ಯಾನ್‌ಗಳು ಹೊರಗುಳಿಯುತ್ತವೆ, ಹಾಗಾಗಿ ನನ್ನ ಕೆಲಸಕ್ಕೆ ಆಗಲ್ಲ.

ಹಳೆ ಬೀಗ ಹಾಕಿ ಕಳಿಸಿದ್ದ ಇಪ್ಪತ್ತನಾಲ್ಕು ಜಿಪ್ ನನ್ನ ಮೇಲ್‌ನಿಂದ ಅಳಿಸಿದೆ. ಕೊಪ್ಪಳಕ್ಕೆ ಹೋದಾಗ ಆಫೀಸಿನ ಮೇಲ್‌ನಿಂದಲೂ ಅಳಿಸಿದೆವು. "ಬ್ಯಾರೆ ಕಡೆ ಕಾಪಿ ಅದಾವೇನ್ರಿ ಮೇಡಂ" ಅಂದೆ. ಡ್ರಾಯರ್ ಎಳೆದು ತೋರಿಸಿದರು, ಹೆಸರಿಲ್ಲದ ಆರೇಳು ಪೆನ್‌ಡ್ರೈವು. ಒಂದೊಂದಾಗಿ ಚುಚ್ಚಿ ನೋಡಬೇಕು, ಮುಂದಿನ ಶನಿವಾರ ಬರ್ತೀನಿ ಅಂತ ಹೇಳಿ ಬಂದಿದ್ದೀನಿ.