ಕೈಯಲ್ಲಿ ಹಿಡಿಯುವ ಅಗ್ಗದ ಸ್ಕೋಪ್: ಅದು ಹೇಳುವ ಅಂಕಿ ಬಿಡಿ, ಚೌಕ ಎಣಿಸಿ

ಈ ಆಸಿಲೋಸ್ಕೋಪ್‌ನ ಪರದೆಯ ಕೆಳಗೆ ಫ್ರೀಕ್ವೆನ್ಸಿ, ವೋಲ್ಟೇಜ್ ಎಲ್ಲ ತಾನೇ ಲೆಕ್ಕ ಹಾಕಿ ಬರೆದು ತೋರಿಸುತ್ತದೆ. ಕೊಳ್ಳುವಾಗ ಅಂಗಡಿಯವರು ಬಾಯಿ ತುಂಬಾ ಹೊಗಳುವುದೂ ಅದನ್ನೇ. ನಾನು ಮಾತ್ರ ಆ ಸಾಲನ್ನು ಈಗ ನೋಡುವುದೇ ಇಲ್ಲ. ಆದರೂ ಸ್ಕೋಪ್ ಮಾರಿಲ್ಲ. ಯಾಕೆ ಅಂತ ಬರೆಯುತ್ತೇನೆ.

ಹಾಸನದಲ್ಲಿ ನನ್ನದು ಯುಪಿಎಸ್, ಜನರೇಟರ್ ಪ್ಯಾನೆಲ್ ರಿಪೇರಿ ಅಂಗಡಿ. ಹಣ್ಣು ಕುಯ್ಲು ಶುರುವಾದರೆ ಸಕಲೇಶಪುರ, ಮೂಡಿಗೆರೆ ಕಡೆಯ ಎಸ್ಟೇಟ್‌ಗಳಿಂದ ಫೋನ್ ಮೇಲೆ ಫೋನ್. ಕರೆಂಟ್ ಹೋಗಿರುತ್ತದೆ, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ನಿಂತಿರುತ್ತದೆ, ರೈಟರ್ ತಲೆಬಿಸಿ ಮಾಡಿಕೊಂಡಿರುತ್ತಾರೆ. ನಾನು ಎಲ್ಲ ಕಡೆ ಹೋಗಲು ಆಗಲ್ಲ. ಅಂಗಡಿಯ ಹುಡುಗ ಸ್ಕೋಪ್ ಹಿಡಿದು ಬೈಕಲ್ಲಿ ಹೋಗುತ್ತಾನೆ, ಪರದೆಯ ಫೋಟೋ ತೆಗೆದು ಕಳಿಸುತ್ತಾನೆ. ನಾನು ಇಲ್ಲಿ ಕೂತು ಓದುತ್ತೇನೆ. ಹಾಗಾಗಿ ನನ್ನ ಮಟ್ಟಿಗೆ ಸ್ಕೋಪ್ ಅಂದರೆ ಒಂದು ಫೋಟೋ. ಬ್ಯಾಂಡ್‌ವಿಡ್ತ್ ಎಷ್ಟು ಅನ್ನುವುದೆಲ್ಲ ಡಬ್ಬಿಯ ಮೇಲೇ ಇದೆ, ಅಲ್ಲೇ ನೋಡಿಕೊಳ್ಳಿ.

ಒಂದು ಫೋಟೋ ಓದಿ ತೋರಿಸುತ್ತೇನೆ. ಎಸ್ಟೇಟ್ ಒಂದರಲ್ಲಿ ಜನರೇಟರ್ ಮೇಲೆ ಪಲ್ಪರ್ ಹಾಕಿದ ಕೂಡಲೇ ಮೋಟಾರು ಮುಲುಗುತ್ತಿತ್ತು. ಹುಡುಗ 9 ವೋಲ್ಟಿನ ಚಿಕ್ಕ ಟ್ರಾನ್ಸ್‌ಫಾರ್ಮರನ್ನು ಲೈನಿಗೆ ಕೊಟ್ಟು, ಅದರ ಸೆಕೆಂಡರಿಗೆ ಪ್ರೋಬ್ ಹಾಕಿದ್ದ. 230 ವೋಲ್ಟ್ ಲೈನಿಗೆ ಪ್ರೋಬನ್ನು ನೇರವಾಗಿ ಇಡುವುದು ನಮ್ಮಲ್ಲಿ ಇಲ್ಲ. ಅದರ ಪೀಕ್-ಟು-ಪೀಕ್ ಸುಮಾರು 650 ವೋಲ್ಟ್ ಆಗುತ್ತದೆ, ಸ್ಕೋಪೂ ಹೋಗುತ್ತದೆ, ಕೈಯೂ ಹೋಗುತ್ತದೆ.

ಫೋಟೋದ ಮೂಲೆಯಲ್ಲಿ 5ms ಅಂತ ಇತ್ತು. ಅಂದರೆ ಅಡ್ಡಕ್ಕೆ ಒಂದು ಚೌಕಕ್ಕೆ 5 ಮಿಲಿಸೆಕೆಂಡ್. ಅಲೆ ನಡುಗೆರೆಯನ್ನು ಕೆಳಗಿಂದ ಮೇಲೆ ದಾಟುವ ಒಂದು ಜಾಗ ಹಿಡಿದು, ಅದೇ ರೀತಿ ದಾಟುವ ಮುಂದಿನ ಜಾಗದವರೆಗೆ ಎಣಿಸಬೇಕು. ಅಲೆಯ ನೆತ್ತಿಯಿಂದ ನೆತ್ತಿಗೆ ಎಣಿಸಬಾರದು. ನೆತ್ತಿ ಅಗಲವಾಗಿರುತ್ತದೆ, ಅದರ ನಡು ಎಲ್ಲಿ ಅಂತ ಕಣ್ಣಿಗೆ ಸಿಗಲ್ಲ. ದಾಟುವ ಜಾಗದಲ್ಲಿ ಗೆರೆ ಕಡಿದಾಗಿ ಏರುವುದರಿಂದ ಗುರುತು ಖಚಿತ.

ಇನ್ನೊಂದು ಅಭ್ಯಾಸ, ನಾನು ಒಂದೇ ಆವರ್ತ ಎಣಿಸಲ್ಲ. ಪರದೆಯಲ್ಲಿ ಎಷ್ಟು ಪೂರ್ತಿ ಆವರ್ತ ಸಿಗುತ್ತವೋ ಅಷ್ಟನ್ನೂ ಎಣಿಸಿ ಭಾಗಿಸುತ್ತೇನೆ. ಇಲ್ಲಿ ಎರಡು ಆವರ್ತಕ್ಕೆ 8.4 ಚೌಕ ಆಯಿತು. ಚೌಕದೊಳಗಿನ ಸಣ್ಣ ಗೀಟು ಒಂದೊಂದೂ 0.2, ಹಾಗಾಗಿ .4 ಅಂದರೆ ಎರಡು ಗೀಟು. 8.4 ಗುಣಿಸು 5, ಅಂದರೆ 42 ಮಿಲಿಸೆಕೆಂಡ್. ಒಂದು ಆವರ್ತಕ್ಕೆ 21. ಫ್ರೀಕ್ವೆನ್ಸಿ ಬೇಕಾದರೆ 1000ವನ್ನು 21ರಿಂದ ಭಾಗಿಸಿ, 47.6 ಹರ್ಟ್ಸ್. ನನ್ನ ಕಣ್ಣು ಅರ್ಧ ಗೀಟು ತಪ್ಪಿದ್ದರೂ ಉತ್ತರ 47ಕ್ಕೂ 48.2ಕ್ಕೂ ನಡುವೆಯೇ ಇರುತ್ತದೆ. ಒಂದೇ ಆವರ್ತ ಎಣಿಸಿದ್ದರೆ ಈ ಅನುಮಾನ ಎರಡರಷ್ಟಾಗುತ್ತಿತ್ತು.

ಅದೇ ಫೋಟೋದ ಕೆಳಗೆ ಸ್ಕೋಪ್ ಬರೆದಿದ್ದು ಏನು ಗೊತ್ತಾ? Freq 95.2Hz! ಜನರೇಟರ್ 95 ಹರ್ಟ್ಸ್‌ಗೆ ತಿರುಗಿದರೆ ಎಸ್ಟೇಟ್ ಗೋಡೌನಿನ ಹೆಂಚು ಉಳಿಯುತ್ತಾ? ಅಲೆ ದಾಟುವ ಜಾಗದಲ್ಲಿ ಒಂದು ಚಿಕ್ಕ ಮುಳ್ಳು ಎದ್ದಿತ್ತು, ಫೋಟೋ ದೊಡ್ಡದು ಮಾಡಿದರೆ ಕಾಣುತ್ತದೆ. ಗೆರೆ ಒಂದು ಸಲ ದಾಟಿ, ಮುಳ್ಳಿಂದಾಗಿ ಕೆಳಗೆ ಬಂದು ಮತ್ತೆ ದಾಟಿತ್ತು. ಸ್ಕೋಪ್ ಅದನ್ನು ಎರಡು ಆವರ್ತ ಅಂದುಕೊಂಡಿತು. ಮನುಷ್ಯರ ಕಣ್ಣಿಗೆ ಮುಳ್ಳು ಮುಳ್ಳಾಗಿಯೇ ಕಾಣುತ್ತದೆ, ಅಷ್ಟೇ ವ್ಯತ್ಯಾಸ. ಅದು ಬರೆಯುವ Vpp ಕತೆಯೂ ಇದೇ. ಅತಿ ಮೇಲಿನ ಬಿಂದು, ಅತಿ ಕೆಳಗಿನ ಬಿಂದು ಹಿಡಿದು ಕಳೆಯುತ್ತದೆ. ಅಲೆಯ ನೆತ್ತಿಯಲ್ಲಿ ಮುಳ್ಳು ಎದ್ದಿದ್ದರೆ ಅದರ ತುದಿಯೂ ಲೆಕ್ಕಕ್ಕೆ ಸೇರಿ ಜಾಸ್ತಿ ತೋರಿಸುತ್ತದೆ.

ಎತ್ತರ ಓದುವಾಗ ಗೆರೆಯ ದಪ್ಪದ ಕಡೆ ಗಮನ ಇರಲಿ. ಮೇಲೆ ಗೆರೆಯ ಮೇಲಂಚು ಹಿಡಿದರೆ, ಕೆಳಗೂ ಮೇಲಂಚನ್ನೇ ಹಿಡಿಯಬೇಕು. ಇಲ್ಲದಿದ್ದರೆ ಗೆರೆಯ ದಪ್ಪವೂ ವೋಲ್ಟೇಜಿಗೆ ಸೇರುತ್ತದೆ. ಈ ಫೋಟೋದಲ್ಲಿ ಎತ್ತರ 5 ಚೌಕ, ಮೂಲೆಯಲ್ಲಿ 500mV. ಐದು ಅರ್ಧಗಳು, 2.5 ವೋಲ್ಟ್ ಪೀಕ್-ಟು-ಪೀಕ್.

9 ವೋಲ್ಟ್ ಟ್ರಾನ್ಸ್‌ಫಾರ್ಮರಿಗೆ ಇದು ಯಾವ ಲೆಕ್ಕ? ಸೈನ್ ಅಲೆಗೆ ಮೀಟರ್ ತೋರಿಸುವ ವೋಲ್ಟೇಜನ್ನು 2.83ರಿಂದ ಗುಣಿಸಿದರೆ ಪೀಕ್-ಟು-ಪೀಕ್ ಸಿಗುತ್ತದೆ, 25 ವೋಲ್ಟಿನ ಆಸುಪಾಸು ಇರಬೇಕಿತ್ತು. ಸರಿಯಾಗಿ ಹತ್ತು ಪಟ್ಟು ಕಮ್ಮಿ. ನನ್ನ ಸಿಟ್ಟೆಲ್ಲ ಇಲ್ಲೇ. ಪ್ರೋಬ್ ಮೇಲೆ 1X, 10X ಅಂತ ಒಂದು ಪುಟ್ಟ ಸ್ವಿಚ್ ಇದೆ. ಅದು ಯಾವ ಕಡೆ ಇದೆ ಅಂತ ಸ್ಕೋಪಿಗೆ ಗೊತ್ತೇ ಆಗಲ್ಲ. ಮೆನುವಿನಲ್ಲಿ ನಾವೇ ಹೇಳಬೇಕು. ಪ್ರೋಬ್ 10Xನಲ್ಲಿದ್ದು ಮೆನು 1Xನಲ್ಲಿದ್ದರೆ ಎಲ್ಲ ವೋಲ್ಟೇಜೂ ಹತ್ತನೇ ಒಂದು ಭಾಗ ಕಾಣುತ್ತದೆ. ಸಾಲದ್ದಕ್ಕೆ ಈ ಮಾಡೆಲ್‌ನಲ್ಲಿ ಆಫ್ ಮಾಡಿ ಆನ್ ಮಾಡಿದರೆ ಮೆನು ಸುಮ್ನೆ 1Xಗೆ ವಾಪಸ್. ಪರದೆಯ ಫೋಟೋದಲ್ಲಿ ಪ್ರೋಬ್ ಕಾಣಲ್ಲ, ಇಲ್ಲಿ ಕೂತವನಿಗೆ ಗೊತ್ತಾಗುವುದು ಹೇಗೆ? ಫೋನ್ ಮಾಡಿದೆ. "ಅಣ್ಣಾ, ಸ್ವಿಚ್ 10ರ ಕಡೆನೇ ಇದೆ" ಅಂದ. ಈಗ ಪರದೆಯ ಜೊತೆ ಪ್ರೋಬಿನ ಸ್ವಿಚ್ಚೂ ಫೋಟೋದಲ್ಲಿ ಬರಬೇಕು ಅಂತ ಕಾನೂನು ಮಾಡಿದ್ದೇನೆ.

ಅಂದರೆ ನಿಜವಾದ ಪೀಕ್-ಟು-ಪೀಕ್ 25 ವೋಲ್ಟ್. ಹಾಗಾದರೆ ಎಲ್ಲ ಸರಿ ಇದೆ ಅನ್ನಿಸುತ್ತದೆ ಅಲ್ವಾ? ಇಲ್ಲ. ಲೋಡ್ ಇಲ್ಲದ ಚಿಕ್ಕ ಟ್ರಾನ್ಸ್‌ಫಾರ್ಮರ್ ಬರೆದದ್ದಕ್ಕಿಂತ ಜಾಸ್ತಿಯೇ ಕೊಡುತ್ತದೆ. ಇದೇ ಟ್ರಾನ್ಸ್‌ಫಾರ್ಮರ್ ಅಂಗಡಿಯಲ್ಲಿ ಲೈನ್ 230 ಇದ್ದಾಗ 28 ಕೊಟ್ಟಿತ್ತು, ಅದರ ಮೈಮೇಲೆ ಮಾರ್ಕರ್‌ನಲ್ಲಿ ಬರೆದಿಟ್ಟಿದ್ದೇನೆ. 28ಕ್ಕೆ 230 ಆದರೆ 25ಕ್ಕೆ ಸುಮಾರು 205. ವೋಲ್ಟೇಜೂ ಬಿದ್ದಿದೆ, ಸ್ಪೀಡೂ ಬಿದ್ದಿದೆ. ನಾಲ್ಕು ಪೋಲಿನ ಜನರೇಟರ್ 1500 ಆರ್‌ಪಿಎಂ ತಿರುಗಿದರೆ 50 ಹರ್ಟ್ಸ್, 47.6 ಅಂದರೆ 1430ರ ಹತ್ತಿರ. ಪಲ್ಪರ್ ತೆಗೆದು ಇನ್ನೊಂದು ಫೋಟೋ ಕಳಿಸಲು ಹೇಳಿದೆ. ಎರಡು ಆವರ್ತಕ್ಕೆ 7.7 ಚೌಕ ಬಂತು, ಸುಮಾರು 52 ಹರ್ಟ್ಸ್. ಖಾಲಿ ಓಡುವಾಗ ಅಷ್ಟಿರುವುದು ಮಾಮೂಲಿ. ಲೋಡ್ ಬಿದ್ದಾಗ ನಾಲ್ಕು ಹರ್ಟ್ಸ್‌ಗಿಂತ ಜಾಸ್ತಿ ಇಳಿಯುವುದು ಮಾಮೂಲಿ ಅಲ್ಲ. ಇಂಜಿನ್‌ಗೆ ಡೀಸೆಲ್ ಸಾಲುತ್ತಿಲ್ಲ ಅನ್ನಿಸಿತು. ಫಿಲ್ಟರ್ ಬಿಚ್ಚಿದರೆ ಕೆಸರು. ಬದಲಾಯಿಸಿದ ಮೇಲೆ ಲೋಡಿನಲ್ಲಿ 8.1 ಚೌಕ, 49.4 ಹರ್ಟ್ಸ್. ಪಲ್ಪರ್ ಓಡಿತು.

ಇಷ್ಟೆಲ್ಲ ಒಂದು ವಾರೆ ಫೋಟೋದಿಂದ ಆಯಿತು. ಈ ಸ್ಕೋಪ್ ನನಗೆ ಇಷ್ಟವಾಗುವುದು ಇದಕ್ಕೇ. ಚೌಕಗಳನ್ನೂ ಅಲೆಯನ್ನೂ ಒಂದೇ ಪರದೆ ಬಿಡಿಸುತ್ತದೆ, ಫೋಟೋ ವಾರೆಯಾದರೆ ಎರಡೂ ಒಟ್ಟಿಗೆ ವಾರೆ. ಚೌಕ ಎಣಿಸಿದರೆ ಲೆಕ್ಕ ಕೆಡಲ್ಲ. ಫೋನಿನ ಮೇಲೆ ಸ್ಕೇಲ್ ಇಟ್ಟು ಅಳೆದರೆ ಮಾತ್ರ ಕೆಡುತ್ತದೆ. ಚೌಕದ ಗೀಟುಗಳು ಬಿಸಿಲಲ್ಲೂ ಕಾಣುವಷ್ಟು ದಪ್ಪ ಇವೆ, ಹೋಲ್ಡ್ ಬಟನ್ ಒತ್ತಿದರೆ ಅಲೆ ಅಲುಗಾಡದೆ ನಿಲ್ಲುತ್ತದೆ.

ಯುಪಿಎಸ್ ಒಳಗಿನ ಹೈ ಫ್ರೀಕ್ವೆನ್ಸಿ ಸ್ವಿಚಿಂಗ್ ನೋಡುವವರು ಹುಷಾರು. 5ms ಇಟ್ಟು ಅದನ್ನು ನೋಡಿದರೆ ಸ್ಯಾಂಪಲ್ ಸಾಲದೆ, ನಿಧಾನದ ಚಂದದ ಸುಳ್ಳು ಅಲೆಯೊಂದು ಕಾಣಬಹುದು. ಒಂದೇ ಫೋಟೋದಿಂದ ಅದು ಗೊತ್ತಾಗಲ್ಲ. 2msಗೆ ತಿರುಗಿಸಿ ಇನ್ನೊಂದು ಫೋಟೋ ತರಿಸಿ. ನಿಜವಾದ ಅಲೆಯಾದರೆ ಎರಡೂವರೆ ಪಟ್ಟು ಹಿಗ್ಗಿ, ಎರಡರಲ್ಲೂ ಅದೇ ಫ್ರೀಕ್ವೆನ್ಸಿ ಬರಬೇಕು.

ಐದು ಸಾವಿರದೊಳಗೆ ಸಿಕ್ಕ ಸಾಮಾನು ಇದು. ಬೈಕಿನ ಡಿಕ್ಕಿಯಲ್ಲಿ ಕುಲುಕಿ ಚಾರ್ಜಿಂಗ್ ಸಾಕೆಟ್ ಸಡಿಲವಾಗಿತ್ತು, ನಾನೇ ಬೆಸುಗೆ ಹಾಕಿಕೊಂಡೆ. ಬರೆದು ತೋರಿಸುವ ಅಂಕಿ ನೆಚ್ಚಿಕೊಂಡು ಕೆಲಸ ಮಾಡುವವರಿಗೆ ಇದು ಬೇಡ. ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ, ಮೆನು 10X ನೆನಪಿಟ್ಟುಕೊಂಡಿದ್ದರೆ ನಾಲ್ಕು ಕೊಡುತ್ತಿದ್ದೆ.