ಹೊಸ ವರ್ಷದ ಆಫರ್‌ನ ಜಿಮ್, ಹನ್ನೊಂದು ತಿಂಗಳ ಬಳಕೆಯ ನಂತರ: 5ಕ್ಕೆ 3

ಬೆಂಗಳೂರಿನ ಬಡಾವಣೆಯೊಂದರ ಮಧ್ಯಮ ಗಾತ್ರದ ಜಿಮ್ ಇದು. ಪರಿಶೀಲಿಸಿದ್ದು ಜನವರಿ ಮೊದಲ ವಾರದ ಆಫರ್ ದರದ ವಾರ್ಷಿಕ ಸದಸ್ಯತ್ವ. ಸಲಕರಣೆಗಳ ಬಗ್ಗೆ ತಕರಾರಿಲ್ಲ. ಸ್ಕ್ವಾಟ್ ರ‍್ಯಾಕ್ ಗಟ್ಟಿಯಾಗಿದೆ, ಕೇಬಲ್‌ಗಳು ತುಕ್ಕು ಹಿಡಿದಿಲ್ಲ, ಬೆಳಗಿನ ಪಾಳಿಯ ತರಬೇತುದಾರರು ಡೆಡ್‌ಲಿಫ್ಟ್‌ನಲ್ಲಿ ಬೆನ್ನು ಬಾಗಿದರೆ ತಕ್ಷಣ ಬಂದು ತಿದ್ದುತ್ತಾರೆ. ಜನವರಿಯ ನೂಕುನುಗ್ಗಲು ಫೆಬ್ರವರಿ ಕೊನೆಗೆ ಇಳಿಯಿತು. ಎರಡು ಅಂಕ ಕಡಿಮೆಯಾದದ್ದು ಪೂರ್ತಿ ಜಾಹೀರಾತಿನಿಂದಲೇ.

ಬಾಗಿಲಿನ ಫ್ಲೆಕ್ಸ್‌ನಲ್ಲಿ ‘30 ದಿನದಲ್ಲಿ 10 ಕೆಜಿ ಕೊಬ್ಬು ಮಾಯ’ ಎಂದಿತ್ತು. ಇದನ್ನು ಲೆಕ್ಕ ಹಾಕಿಯೇ ನೋಡಬಹುದು. ದೇಹದ ಒಂದು ಕೆಜಿ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲರಿ ಇರುತ್ತದೆ. ಹತ್ತು ಕೆಜಿಗೆ 77,000, ಅಂದರೆ ದಿನಕ್ಕೆ ಸುಮಾರು 2,570 ಕ್ಯಾಲರಿ ಕೊರತೆ ಆಗಬೇಕು. ಕುಳಿತು ಕೆಲಸ ಮಾಡುವ 70 ಕೆಜಿ ತೂಕದವರು ಇಡೀ ದಿನದಲ್ಲಿ ಖರ್ಚು ಮಾಡುವುದೇ ಹೆಚ್ಚುಕಡಿಮೆ 2,000. ಟ್ರೆಡ್‌ಮಿಲ್ ಮೇಲೆ ಒಂದು ಗಂಟೆ ಬಿರುಸಾಗಿ ನಡೆದರೆ ಇನ್ನೊಂದು 300 ಸೇರಬಹುದು. ತಿಂಗಳಿಡೀ ತುತ್ತು ಅನ್ನ ತಿನ್ನದೆ ದಿನಾ ಒಂದು ಗಂಟೆ ನಡೆದರೂ ಫ್ಲೆಕ್ಸ್‌ನ ಲೆಕ್ಕ ಕೂಡುವುದಿಲ್ಲ.

ಹಾಗಾದರೆ ಮೊದಲ ವಾರ ತಕ್ಕಡಿಯ ಮುಳ್ಳು ಎರಡು ಕೆಜಿ ಕೆಳಗೆ ಬರುವುದು ಹೇಗೆ? ಅದು ನೀರು. ಅನ್ನ, ಸಕ್ಕರೆ ಕಡಿಮೆ ಮಾಡಿದ ಕೂಡಲೇ ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೋಜನ್ ಕರಗುತ್ತದೆ. ಅದರ ಪ್ರತಿ ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರೂ ಹೊರಹೋಗುತ್ತದೆ. ಹಬ್ಬದ ಊಟ ಒಂದೆರಡು ದಿನ ನಡೆದರೆ ಅಷ್ಟೂ ತೂಕ ವಾಪಸ್. ‘ಏಳೇ ದಿನದಲ್ಲಿ ಫಲಿತಾಂಶ’ ಎನ್ನುವ ಸಾಲುಗಳೆಲ್ಲ ನಿಂತಿರುವುದು ಈ ನೀರಿನ ಮೇಲೆ.

ಇನ್ನೊಂದು, ಬರಿಗಾಲಲ್ಲಿ ಹತ್ತಿ ನಿಲ್ಲುವ ‘ಬಾಡಿ ಅನಾಲಿಸಿಸ್’ ಯಂತ್ರ. ಇದು ಕೊಬ್ಬನ್ನು ನೇರವಾಗಿ ಅಳೆಯುವುದಿಲ್ಲ. ಸಣ್ಣ ವಿದ್ಯುತ್ ಪ್ರವಾಹ ಹರಿಸಿ, ಮೈ ಒಡ್ಡುವ ತಡೆಯಿಂದ ಅಂದಾಜು ಕಟ್ಟುತ್ತದೆ. ಮೈಯಲ್ಲಿ ನೀರು ಕಡಿಮೆ ಇದ್ದರೆ ತಡೆ ಹೆಚ್ಚಾಗಿ, ಕೊಬ್ಬು ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ವ್ಯಾಯಾಮ ಮುಗಿಸಿ ಮೈ ಬಿಸಿಯಾಗಿರುವಾಗ ನಿಂತರೆ ಕಡಿಮೆ ತೋರಿಸಬಹುದು. ಇಲ್ಲಿ ಸೇರುವ ದಿನ ಅಳೆದದ್ದು ಸಂಜೆ, ತಿಂಡಿ ತಿಂದ ಮೇಲೆ, ಶೂ ಮಾತ್ರ ಬಿಚ್ಚಿಸಿ. ತಿಂಗಳ ಕೊನೆಯದು ವರ್ಕೌಟ್ ಮುಗಿದ ಮೇಲೆ, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ. ಹೊಟ್ಟೆಯ ಊಟ, ಬಟ್ಟೆ, ಬೆವರು ಸೇರಿದರೇ ಒಂದೆರಡು ಕೆಜಿ ಅಂತರ ಬರುತ್ತದೆ. ‘ಮೊದಲು–ಆಮೇಲೆ’ ಚಾರ್ಟ್‌ನಲ್ಲಿ ಅದೂ ಜಿಮ್‌ನ ಸಾಧನೆಯಾಗಿ ಸೇರಿಕೊಂಡಿತು. ಎರಡೂ ಸಲ ಬೆಳಗ್ಗೆ, ಮೂತ್ರ ಮಾಡಿ ಬಂದು, ಏನೂ ತಿನ್ನುವ ಮೊದಲು, ಅದೇ ಯಂತ್ರದಲ್ಲಿ ಅಳೆಯಲು ಕೇಳಿ. ಹೊಕ್ಕುಳ ಮಟ್ಟದ ಸುತ್ತಳತೆಯನ್ನು ಟೇಪಿನಲ್ಲಿ ನೀವೇ ಬರೆದಿಡಿ. ಇಷ್ಟು ಮಾಡಿದ ಮೇಲೆ ಹನ್ನೊಂದು ತಿಂಗಳಲ್ಲಿ ಕಂಡ ನಿಜವಾದ ಇಳಿಕೆ 6 ಕೆಜಿ, ಸೊಂಟದಲ್ಲಿ 7 ಸೆಂ.ಮೀ. ಇದು ಒಳ್ಳೆಯ ಫಲಿತಾಂಶ. ಇದನ್ನೇ ಫ್ಲೆಕ್ಸ್‌ನಲ್ಲಿ ಬರೆದಿದ್ದರೆ ನನ್ನ ಐದೂ ಅಂಕ ಸಿಗುತ್ತಿತ್ತು.

ಫ್ಲೆಕ್ಸ್‌ನ ಕೆಳ ಅಂಚಿನಲ್ಲಿ ಒಂದು ನಕ್ಷತ್ರ ಚಿಹ್ನೆ, ಪಕ್ಕದಲ್ಲಿ ಇರುವೆಯಂಥ ಅಕ್ಷರದಲ್ಲಿ ಇಂಗ್ಲಿಷ್ ಸಾಲು: ಫಲಿತಾಂಶ ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗಬಹುದು. ಭರವಸೆ ಕನ್ನಡದಲ್ಲಿ, ಷರತ್ತು ಇಂಗ್ಲಿಷಿನಲ್ಲಿ! ಇದು ನನಗೆ ಎಲ್ಲಕ್ಕಿಂತ ಹೆಚ್ಚು ಬೇಸರ ತಂದ ಸಂಗತಿ. ದಾರಿತಪ್ಪಿಸುವ ಜಾಹೀರಾತು ತಡೆಗೆ 2022ರ ಜೂನ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ತಂದ ಮಾರ್ಗಸೂಚಿಯ ಪ್ರಕಾರ, ಷರತ್ತಿನ ಸಾಲು ಭರವಸೆ ಇರುವ ಭಾಷೆಯಲ್ಲೇ, ಅದೇ ಅಕ್ಷರ ಶೈಲಿಯಲ್ಲಿ ಇರಬೇಕು. ಮುಖ್ಯ ಮಾತಿನ ಸುಳ್ಳನ್ನು ಷರತ್ತು ಹಾಕಿ ಸರಿಪಡಿಸುವಂತೆಯೂ ಇಲ್ಲ. ಮೊದಲ ತಪ್ಪಿಗೆ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸುವ ಅಧಿಕಾರ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿದೆ.

ಜಿಮ್ ಮಾಲೀಕರಿಗೆ ಬರೆದುಕೊಟ್ಟ ಸಾಲು ಇದು: ‘ವಾರಕ್ಕೆ ನಾಲ್ಕು ದಿನ ವ್ಯಾಯಾಮ, ಜೊತೆಗೆ ಊಟದಲ್ಲಿ ಹಿಡಿತ ಇದ್ದರೆ ವಾರಕ್ಕೆ ಸುಮಾರು ಅರ್ಧ ಕೆಜಿ ಇಳಿಸುವುದು ಸಾಧ್ಯ. ವ್ಯಾಯಾಮ ಮಾತ್ರ ಮಾಡಿದರೆ ಇನ್ನೂ ಕಡಿಮೆ.’ ಇದರ ಪಕ್ಕದಲ್ಲಿ ಫೋಟೋ ಹಾಕುವುದಾದರೆ ಎಷ್ಟು ತಿಂಗಳ ಅಂತರದ್ದು ಎಂದು ಅದೇ ಗಾತ್ರದಲ್ಲಿ ಬರೆಯಬೇಕು.

ದುಡ್ಡಿನ ಲೆಕ್ಕ ಚಿಕ್ಕದು. ವರ್ಷಕ್ಕೆ 12,000 ಕೊಟ್ಟು ನಾಲ್ಕೇ ತಿಂಗಳು ಹೋದರೆ ತಿಂಗಳಿಗೆ 3,000 ಬೀಳುತ್ತದೆ. ಮೂರು ತಿಂಗಳ ದರ ಕೇಳಿ ಹೋಲಿಸಿ, ನಡುವೆ ಬಿಟ್ಟರೆ ಎಷ್ಟು ವಾಪಸ್ ಎಂಬುದನ್ನು ರಸೀದಿಯ ಮೇಲೆ ಬರೆಸಿಕೊಳ್ಳಿ. ದುಡ್ಡು ಕಟ್ಟುವ ಮುಂಚೆಯೇ ಫ್ಲೆಕ್ಸ್‌ನ ಫೋಟೋ ತೆಗೆಯಿರಿ, ಸಣ್ಣ ಅಕ್ಷರದ ಸಾಲೂ ಅದರಲ್ಲಿ ಬರಲಿ. ಸಿಬ್ಬಂದಿ ಕಳಿಸಿದ ವಾಟ್ಸಾಪ್ ಸಂದೇಶ ಅಳಿಸಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬೇಕಾಗಿ ಬಂದಾಗ ಜೊತೆಗಿಡಲು ಬೇಕಾಗುವುದು ಈ ಫೋಟೋ, ಸಂದೇಶ ಮತ್ತು ರಸೀದಿ.